ಮಾತಿನ ಟಿಪ್ಪಣಿ: ಗಾಳಿಯಿಂದ ಅಮೋನಿಯ (10 ನಿಮಿಷ)

ಓದಲು ಕೊಟ್ಟದ್ದು 46 ಪುಟ. ಹಿಡಿದ ಎಳೆ ಒಂದೇ: 1909ರಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞ ಹೇಬರ್ ಮೇಜಿನ ಮೇಲೆ ಗೆದ್ದ ಕ್ರಿಯೆ ಕಾರ್ಖಾನೆ ಸೇರಲು 1913ರವರೆಗೆ ಏಕೆ ಕಾಯಬೇಕಾಯಿತು? ಹೇಬರ್ ಜೀವನ, ಯುದ್ಧ, ಗೊಬ್ಬರದ ಮಾರುಕಟ್ಟೆ ಎಲ್ಲ ಬಿಟ್ಟಿದೆ.

0:00, ಸ್ಲೈಡ್ 1
ಪೀಠಿಕೆ ಬೇಡ, ನೇರ ಪ್ರಶ್ನೆ: "ಗಾಳಿಯ ಐದರಲ್ಲಿ ನಾಲ್ಕು ಪಾಲು ಸಾರಜನಕ. ಆದರೂ ಗಿಡ ಅದನ್ನು ನೇರವಾಗಿ ಬಳಸಲಾರದು. ಏಕೆ?" ಎರಡು ಉತ್ತರ ಕೇಳಿ ಮುಂದೆ. ಕಾರಣ N₂ನ ತ್ರಿಬಂಧ: ಮುರಿಯಲು ಮೋಲ್‌ಗೆ ಸುಮಾರು 945 ಕಿಲೋಜೌಲ್.

1:15, ಸ್ಲೈಡ್ 2
N₂ + 3H₂ ⇌ 2NH₃
ನಾಲ್ಕು ಅಣು ಎರಡಾಗುತ್ತವೆ, ಆದ್ದರಿಂದ ಒತ್ತಡ ಹೆಚ್ಚಿದಷ್ಟೂ ಲಾಭ. ಕ್ರಿಯೆ ಶಾಖ ಬಿಡುತ್ತದೆ, ಆದ್ದರಿಂದ ಬಿಸಿ ಹೆಚ್ಚಿದಷ್ಟೂ ನಷ್ಟ. ತಣ್ಣಗಿಟ್ಟರೋ ಕ್ರಿಯೆ ನಡೆಯುವುದೇ ಇಲ್ಲ. ರಾಜಿ: ಸುಮಾರು 200 ಅಟ್ಮಾಸ್ಫಿಯರ್, 500 ಡಿಗ್ರಿ ಸೆಲ್ಸಿಯಸ್. ಒಂದು ಸುತ್ತಿಗೆ ಬದಲಾಗುವುದು ಸುಮಾರು 15 ಶೇಕಡಾ. ಅಮೋನಿಯ ತಣಿಸಿ ತೆಗೆದು, ಉಳಿದ ಅನಿಲವನ್ನು ಮತ್ತೆ ಒಳಗೆ ಕಳಿಸುವುದು.
(ಸಮತೋಲನ ಮತ್ತು ವೇಗ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬೇಡ. ತರಗತಿ ಕಳೆದುಹೋಗುವುದು ಇಲ್ಲೇ.)

3:30, ಸ್ಲೈಡ್ 3
ಬೇಗ ಮುಗಿಸು. ಕ್ರಿಯೆ ಬೇಗ ನಡೆಯಲು ವೇಗವರ್ಧಕ ಬೇಕು. ಹೇಬರ್ ಬಳಸಿದ ಆಸ್ಮಿಯಂ ವಿರಳ ಲೋಹ, ಕಾರ್ಖಾನೆಗೆ ಸಾಲದು. BASF ಕಂಪನಿಯ ಮಿಟಾಶ್ ತಂಡ ಸಾವಿರಾರು ಪರೀಕ್ಷೆ ಮಾಡಿ, ಅಲ್ಯೂಮಿನಿಯಂ ಮತ್ತು ಪೊಟ್ಯಾಸಿಯಂ ಆಕ್ಸೈಡ್ ಬೆರೆಸಿದ ಕಬ್ಬಿಣಕ್ಕೆ ಬಂದು ನಿಂತಿತು.

4:30, ಸ್ಲೈಡ್ 4: ಪೈಪು ಸೀಳಿದ್ದು
ಮಾತಿನ ತಿರುಳು ಇದೇ, ಮೂರೂವರೆ ನಿಮಿಷ ಪೂರ್ತಿ ಬಳಸು. ಕ್ರಿಯೆಯನ್ನು ಕಾರ್ಖಾನೆಗೆ ತರುವ ಹೊಣೆ ಹೊತ್ತ ಬಾಷ್ ಪರೀಕ್ಷೆಗೆ ಇಟ್ಟ ಉಕ್ಕಿನ ಕೊಳವೆಗಳು ಕೆಲವೇ ದಿನಗಳಲ್ಲಿ ಒಡೆದವು. ಒತ್ತಡ ತಾಳದೆ ಅಲ್ಲ. ಬಿಸಿ ಜಲಜನಕ ಉಕ್ಕಿನೊಳಗೆ ಇಳಿದು, ಅಲ್ಲಿನ ಇಂಗಾಲದ ಜೊತೆ ಸೇರಿ ಮೀಥೇನ್ ಆಗುತ್ತದೆ. ಇಂಗಾಲ ಹೋದ ಉಕ್ಕಿಗೆ ಬಲವಿಲ್ಲ. ಸಿಕ್ಕಿಕೊಂಡ ಮೀಥೇನ್ ಒಳಗಿಂದಲೇ ಬಿರುಕು ಬಿಡಿಸುತ್ತದೆ.
ಬೋರ್ಡಿನ ಮೇಲೆ ಎರಡು ವೃತ್ತ ಬರೆ. ಒಳಗಿನದು ಇಂಗಾಲ ಕಡಿಮೆಯಿರುವ ಮೆದು ಕಬ್ಬಿಣ: ಜಲಜನಕಕ್ಕೆ ಕೆಡುವುದಿಲ್ಲ, ಆದರೆ ಒತ್ತಡ ತಡೆಯದು. ಹೊರಗಿನದು ಉಕ್ಕು: ಒತ್ತಡ ಹೊರುತ್ತದೆ. ಹೊರಗೋಡೆಗೆ ಚುಕ್ಕಿಗಳನ್ನು ಇಡು. ಅವು ಕೊರೆದ ಸಣ್ಣ ರಂಧ್ರಗಳು. ಒಳಪದರದಿಂದ ಜಿನುಗಿದ ಜಲಜನಕ ಉಕ್ಕಿನಲ್ಲಿ ನಿಲ್ಲದೆ ಅಲ್ಲಿಂದ ಹೊರಹೋಗುತ್ತದೆ. ಚುಕ್ಕಿ ಮರೆತರೆ ಚಿತ್ರ ಬರೆದೂ ದಂಡ.

8:00, ಸ್ಲೈಡ್ 5
1913, ಜರ್ಮನಿಯ ಓಪಾವುನಲ್ಲಿ ಅಮೋನಿಯ ಕಾರ್ಖಾನೆ ಶುರು. ನೊಬೆಲ್: ಹೇಬರ್ 1918, ಬಾಷ್ 1931. ತಡವಾಗಿದ್ದರೆ ಸ್ಲೈಡ್ 3 ಹಾರಿಸು, 4 ಅಲ್ಲ.

8:45, ಪ್ರಶ್ನೆಗಳು
"ಹೇಬರ್ ಮತ್ತು ವಿಷಾನಿಲ?" 1915ರ ಏಪ್ರಿಲ್ 22ರಂದು ಈಪ್ರ್‌ನಲ್ಲಿ ನಡೆದ ಕ್ಲೋರಿನ್ ದಾಳಿಯ ಹಿಂದೆ ಅವರೇ ಇದ್ದರು, ನೊಬೆಲ್ ಬಂದದ್ದು ಅಮೋನಿಯಕ್ಕೆ. ಎರಡೇ ವಾಕ್ಯ, ಚರ್ಚೆಗೆ ಇಳಿಯಬೇಡ.
"ಒತ್ತಡ ಇನ್ನೂ ಏರಿಸಿದರೆ?" ಇಳುವರಿ ಏರುತ್ತದೆ, ಗೋಡೆಯ ದಪ್ಪ, ಅನಿಲ ಒತ್ತುವ ಖರ್ಚು ಕೂಡ.