ವಿಷಯ: ಐದನೇ ಸೆಮಿಸ್ಟರ್ ಬಿ ವಿಭಾಗ, ಆಪರೇಟಿಂಗ್ ಸಿಸ್ಟಮ್ಸ್ ಪಾಠ ಬಾಕಿ: 10 ಗಂಟೆ ಹೆಚ್ಚುವರಿ ತರಗತಿಗೆ ಅನುಮತಿ ಕೋರಿ

ಇವರಿಗೆ: ವಿಭಾಗದ ಮುಖ್ಯಸ್ಥರು, ಕಂಪ್ಯೂಟರ್ ಸೈನ್ಸ್
ಪ್ರತಿ: ವಿಷಯ ಬೋಧಕರು, ಆಪರೇಟಿಂಗ್ ಸಿಸ್ಟಮ್ಸ್
ದಿನಾಂಕ: ನವೆಂಬರ್ 14, ಶುಕ್ರವಾರ

ಮಾನ್ಯ ಸರ್,

ನಮ್ಮ ತರಗತಿಗೆ ಆಪರೇಟಿಂಗ್ ಸಿಸ್ಟಮ್ಸ್ ಪರೀಕ್ಷೆ ಡಿಸೆಂಬರ್ 10ಕ್ಕೆ ಇದೆ. ತರಗತಿಗಳು ಮುಗಿಯುವುದು ನವೆಂಬರ್ 29ಕ್ಕೆ. ಐದು ಯೂನಿಟ್‌ಗಳಲ್ಲಿ ಈವರೆಗೆ ಎರಡು ಪೂರ್ತಿ, ಮೂರನೆಯದು ಅರ್ಧ ಆಗಿದೆ. ಉಳಿದದ್ದನ್ನು ಮುಗಿಸಲು ಎರಡು ಶನಿವಾರ ಮತ್ತು ನಾಲ್ಕು ಸಂಜೆ, ಒಟ್ಟು 10 ಗಂಟೆ ಹೆಚ್ಚುವರಿ ತರಗತಿಗೆ ತಮ್ಮ ಅನುಮತಿ ಬೇಕಾಗಿದೆ.

ಲೆಕ್ಕ ಹೀಗಿದೆ. ಒಟ್ಟು 40 ಗಂಟೆಯ ಪಾಠ. ಇಂದಿಗೆ 34 ಆಗಬೇಕಿತ್ತು, ಆಗಿರುವುದು 24. ಮೇಡಂ ಮೌಲ್ಯಮಾಪನ ಕರ್ತವ್ಯದಲ್ಲಿದ್ದಾಗ 6, ಕಾಲೇಜು ಉತ್ಸವದಲ್ಲಿ 2, ರಜೆಗಳಲ್ಲಿ 2 ಗಂಟೆ ತಪ್ಪಿದವು. ಇದರ ಜೊತೆಗೆ ಎರಡನೇ ಯೂನಿಟ್ 8ರ ಬದಲು 12 ಗಂಟೆ ತೆಗೆದುಕೊಂಡಿತು. ಸೆಮಾಫೋರ್ ಲೆಕ್ಕಗಳನ್ನು ಮತ್ತೊಮ್ಮೆ ಮಾಡಿಸಿ ಎಂದು ಕೇಳಿದವರು ನಾವೇ, ಆದ್ದರಿಂದ ಅದರ ಹೊಣೆ ಮೇಡಂ ಮೇಲೆ ಹಾಕುವಂತಿಲ್ಲ.

ಯೋಜನೆಯ ಪ್ರಕಾರ ಇನ್ನೂ 20 ಗಂಟೆಯ ಪಾಠ ಉಳಿದಿದೆ. ಡೈರೆಕ್ಟರಿ ರಚನೆ, ಫೈಲ್ ರಕ್ಷಣೆಯಂಥ ವಿವರಣೆಯ ಭಾಗಗಳನ್ನು ನಾವೇ ಓದಿಕೊಳ್ಳುತ್ತೇವೆ, ಅದರಿಂದ 4 ಗಂಟೆ ಉಳಿಯುತ್ತದೆ. ಬೇಕಾದ 16ರಲ್ಲಿ ಮಾಮೂಲಿ ವೇಳಾಪಟ್ಟಿಯಲ್ಲಿ ಸಿಗುವುದು 6 ಮಾತ್ರ, ಏಕೆಂದರೆ ನವೆಂಬರ್ 19ರಿಂದ 21ರವರೆಗೆ ಮೂರನೇ ಆಂತರಿಕ ಪರೀಕ್ಷೆ.

ಪ್ರಶ್ನೆಪತ್ರಿಕೆಯಲ್ಲಿ ಪ್ರತಿ ಯೂನಿಟ್‌ನಿಂದ ಎರಡು ಪ್ರಶ್ನೆ ಇದ್ದು, ಒಂದಕ್ಕೆ ಉತ್ತರಿಸಲೇಬೇಕು, 20 ಅಂಕ. ಒಂದು ಯೂನಿಟ್ ಬಿಟ್ಟು ಇನ್ನೊಂದರಲ್ಲಿ ಎರಡು ಬರೆಯಲು ಅವಕಾಶವಿಲ್ಲ. ಅಂದರೆ ನಾಲ್ಕು ಮತ್ತು ಐದನೇ ಯೂನಿಟ್ ಕೈಬಿಟ್ಟರೆ 40 ಅಂಕ ಕೈಬಿಟ್ಟಂತೆ. ಉಳಿದಿರುವುದರಲ್ಲಿ ಹೆಚ್ಚಿನವು ಲೆಕ್ಕಗಳು, ನೋಟ್ಸ್ ಕೊಟ್ಟರೆ ಸಾಲದು. ಪೇಜ್ ರಿಪ್ಲೇಸ್‌ಮೆಂಟ್‌ನಲ್ಲಿ ಖಾಲಿ ಫ್ರೇಮ್ ತುಂಬುವಾಗಿನ ಫಾಲ್ಟ್‌ಗಳನ್ನು ಎಣಿಸದೆ ಬಿಡುವುದು, ಎಲ್‌ಆರ್‌ಯು ಮಾಡಬೇಕಾದಲ್ಲಿ ಫೈಫೋ ಮಾಡಿಬಿಡುವುದು, ಡಿಸ್ಕ್ ಶೆಡ್ಯೂಲಿಂಗ್‌ನಲ್ಲಿ ಸ್ಕ್ಯಾನ್‌ಗೂ ಲುಕ್‌ಗೂ ವ್ಯತ್ಯಾಸ ತಿಳಿಯದೆ ಹೆಡ್ ಅನ್ನು ಡಿಸ್ಕ್‌ನ ಕೊನೆಯವರೆಗೆ ಒಯ್ಯದೆ ಹಿಂತಿರುಗಿಸುವುದು: ಇಂಥ ತಪ್ಪುಗಳು ಬೋರ್ಡಿನ ಮೇಲೆ ಮಾಡಿ ತೋರಿಸಿದರೆ ಮಾತ್ರ ಹೋಗುತ್ತವೆ.

ನಾವು ಸೂಚಿಸುವ ವೇಳೆ:

ನವೆಂಬರ್ 17, 18 (ಮಾಮೂಲಿ ತರಗತಿ, 2 ಗಂಟೆ): ಪೇಜಿಂಗ್.
ನವೆಂಬರ್ 22, ಶನಿವಾರ, 9:30ರಿಂದ 12:45 (3 ಗಂಟೆ, ನಡುವೆ 15 ನಿಮಿಷ ಬಿಡುವು): ಟಿಎಲ್‌ಬಿ ಮತ್ತು ಆಕ್ಸೆಸ್ ಟೈಮ್ ಲೆಕ್ಕಗಳು, ಸೆಗ್ಮೆಂಟೇಶನ್, ಡಿಮ್ಯಾಂಡ್ ಪೇಜಿಂಗ್.
ನವೆಂಬರ್ 24, 25, 27, 28 (ಮಾಮೂಲಿ 4 ಗಂಟೆ, ಜೊತೆಗೆ ಸಂಜೆ 4ರಿಂದ 5, ಒಟ್ಟು 8 ಗಂಟೆ): ವರ್ಚುವಲ್ ಮೆಮೊರಿಯ ಉಳಿದ ಭಾಗ 5 ಗಂಟೆ, ಫೈಲ್ ಅಲೊಕೇಶನ್ 3 ಗಂಟೆ. ಬೆಳಿಗ್ಗೆ ಪಾಠ, ಸಂಜೆ ಅದರದ್ದೇ ಲೆಕ್ಕಗಳು.
ನವೆಂಬರ್ 29, ಶನಿವಾರ, 9:30ರಿಂದ 12:45 (3 ಗಂಟೆ): ಡಿಸ್ಕ್ ಶೆಡ್ಯೂಲಿಂಗ್.

26ರ ಬುಧವಾರವನ್ನು ಬೇಕೆಂದೇ ಬಿಟ್ಟಿದ್ದೇವೆ, ಅಂದು ಎರಡನೇ ಬ್ಯಾಚ್‌ನ ಲ್ಯಾಬ್ ಮುಗಿಯುವುದು 4:30ಕ್ಕೆ. ಕಾಲೇಜು ಬಸ್ 5:15ಕ್ಕೆ ಹೊರಡುವುದರಿಂದ ಉಳಿದ ದಿನಗಳಲ್ಲಿ 5 ಗಂಟೆ ದಾಟಬಾರದು. ಕೊಠಡಿ 204 ಈ ಎಲ್ಲ ಹೊತ್ತಿನಲ್ಲೂ ಖಾಲಿ ಇದೆ ಎಂದು ವೇಳಾಪಟ್ಟಿ ನೋಡಿ ಖಚಿತಪಡಿಸಿಕೊಂಡಿದ್ದೇನೆ.

ಮೇಡಂ ಅವರನ್ನು ಬುಧವಾರ ಕಂಡು ಮಾತಾಡಿದೆ. ತಾವು ಒಪ್ಪಿದರೆ, ಮತ್ತು ಆ ಎರಡು ಶನಿವಾರ ಅವರಿಗಿರುವ ಲ್ಯಾಬ್ ಕೆಲಸವನ್ನು ಬೇರೆಯವರಿಗೆ ವಹಿಸಿದರೆ, ತರಗತಿ ತೆಗೆದುಕೊಳ್ಳಲು ಅವರು ಸಿದ್ಧರಿದ್ದಾರೆ. ತರಗತಿಯ 62 ಜನರಲ್ಲಿ 58 ಮಂದಿ ಅಭಿಪ್ರಾಯ ತಿಳಿಸಿದ್ದಾರೆ: 51 ಮಂದಿಗೆ ಈ ವೇಳೆ ಪೂರ್ತಿ ಒಪ್ಪಿಗೆ, 7 ಮಂದಿಗೆ ಶನಿವಾರ ಕಷ್ಟ. ಅವರಿಗಾಗಿ ಅಂದು ಬಿಡಿಸಿದ ಲೆಕ್ಕಗಳ ಫೋಟೊಗಳನ್ನು ಅದೇ ಸಂಜೆ ತರಗತಿಯ ಗುಂಪಿಗೆ ಕಳಿಸುತ್ತೇನೆ. ಹೆಚ್ಚುವರಿ ತರಗತಿಗೆ ಬಾರದವರ ಹಾಜರಾತಿ ಶೇಕಡಾವಾರು ಕಡಿಮೆಯಾಗದಂತೆ ನೋಡಿಕೊಳ್ಳಬೇಕೆಂದು ವಿನಂತಿ.

ಇನ್ನೊಂದು ಮಾತು: 20ರಂದು ಇದೇ ವಿಷಯದ ಆಂತರಿಕ ಪರೀಕ್ಷೆ. ಅದರ ಪೋರ್ಷನ್ 18ರವರೆಗೆ ಪಾಠವಾದಷ್ಟಕ್ಕೆ ಸೀಮಿತವಾದರೆ ಅನುಕೂಲ.

ಶನಿವಾರಗಳು ಸಾಧ್ಯವೇ ಇಲ್ಲವೆಂದಾದರೆ ಡಿಸೆಂಬರ್ 1 ಮತ್ತು 2ರ ಬೆಳಿಗ್ಗೆ ಮಾಡಬಹುದು. ಆದರೆ ಓದುವ ರಜೆ ಶುರುವಾದ ಕೂಡಲೇ ಹಾಸ್ಟೆಲ್‌ನವರು ಅನೇಕರು ಊರಿಗೆ ಹೋಗುತ್ತಾರೆ, ಹಾಗಾಗಿ ಅದು ನಮ್ಮ ಎರಡನೇ ಆಯ್ಕೆ.

17ರ ಸೋಮವಾರದೊಳಗೆ ತಮ್ಮ ತೀರ್ಮಾನ ತಿಳಿದರೆ ಅಂದೇ ಕೊಠಡಿ ಕಾಯ್ದಿರಿಸಿ ಎಲ್ಲರಿಗೂ ತಿಳಿಸುತ್ತೇನೆ. ಅಗತ್ಯವಿದ್ದರೆ ಸೋಮವಾರ ಮಧ್ಯಾಹ್ನ 1:15ಕ್ಕೆ ಕಚೇರಿಗೆ ಬಂದು ಭೇಟಿಯಾಗುವೆ. ಯೂನಿಟ್‌ವಾರು ಗಂಟೆಗಳ ಪಟ್ಟಿ ಮತ್ತು ಅಭಿಪ್ರಾಯ ಸಂಗ್ರಹದ ಹಾಳೆಯನ್ನು ಲಗತ್ತಿಸಿದ್ದೇನೆ.

ವಂದನೆಗಳೊಂದಿಗೆ,
ತರಗತಿ ಪ್ರತಿನಿಧಿ
ಐದನೇ ಸೆಮಿಸ್ಟರ್, ಬಿ ವಿಭಾಗ