ಬಲಗೈ

ಓಟ ಶುರುವಾಗಿ ಇನ್ನೂ ಐದು ನಿಮಿಷ ಆಗಿಲ್ಲ, ಶ್ರಾವ್ಯ ಮತ್ತೆ ಅದೇ ಮಾತು ಹೇಳಿದಳು.

"ಅಪ್ಪ, ಬಲಗೈ!"

"ಹಾಂ, ಹಾಂ" ಅಂದರು ಅಪ್ಪ. ಎರಡು ಸಲ ಕೈ ಬೀಸಿದರು. ಆಮೇಲೆ ಅದು ತಾನಾಗಿಯೇ ಮೊಣಕೈಯಲ್ಲಿ ಮಡಚಿ ಪಕ್ಕೆಗೆ ಅಂಟಿಕೊಂಡಿತು. ಎಡಗೈ ಮಾತ್ರ ಹಿಂದೆ ಮುಂದೆ ಚೆನ್ನಾಗಿ ಆಡುತ್ತಿತ್ತು.

ಮುಂಬೈಯ ಮಾಟುಂಗಾದ ಫೈವ್ ಗಾರ್ಡನ್ಸ್‌ನಲ್ಲಿ ಪ್ರಾಕ್ಟೀಸ್ ಮಾಡುವಾಗಲೂ ಹೀಗೇ. ಎರಡೂ ಕೈ ಸಮನಾಗಿ ಆಡದಿದ್ದರೆ ಸೊಂಟ ತಿರುಚುತ್ತದೆ, ಬೇಗ ಸುಸ್ತಾಗುತ್ತದೆ ಅಂತ ಕಾಲೇಜಿನ ಕೋಚ್ ಹೇಳಿದ್ದನ್ನೆಲ್ಲ ಅವಳು ಅಪ್ಪನಿಗೆ ಒಪ್ಪಿಸಿದ್ದಳು. ಅಪ್ಪ ತಲೆಯಾಡಿಸುತ್ತಿದ್ದರು. ಕೈ ಕೇಳುತ್ತಿರಲಿಲ್ಲ.

ಸಿಎಸ್‌ಎಂಟಿ ರೈಲ್ವೆ ಸ್ಟೇಷನ್ ಎದುರು ಢೋಲ್ ತಾಷಾ ಇನ್ನೂ ಬಾರಿಸುತ್ತಿದ್ದರು. ಆರು ಕಿಲೋಮೀಟರ್ ಫನ್ ರನ್. ಟೈಮಿಂಗ್ ಇಲ್ಲ, ಬಹುಮಾನ ಇಲ್ಲ. ಒಂಬತ್ತು ಗಜದ ಸೀರೆ ಉಟ್ಟು ಶೂಸ್ ಹಾಕಿದ ಅಜ್ಜಿಯರು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡವರು, ಸೆಲ್ಫಿ ತೆಗೆಯಲು ನಡುರಸ್ತೆಯಲ್ಲೇ ನಿಂತವರು. ಅಪ್ಪ ಹೋಟೆಲಿನ ಗಲ್ಲಾವನ್ನು ಭಾವನಿಗೆ ಒಪ್ಪಿಸಿ, ಸಾಂಬಾರಿಗೆ ಉಪ್ಪು ಸರಿ ಉಂಟಾ ಅಂತ ನೋಡಿಯೇ ಹೊರಟಿದ್ದರು.

ಡಿ.ಎನ್. ರೋಡ್ ಖಾಲಿ ಇತ್ತು. ಕಮಾನುಗಳ ಕೆಳಗೆ ಒಬ್ಬ ವ್ಯಾಪಾರಿಯೂ ಇಲ್ಲ.

"ಈ ರಸ್ತೆ ಇಷ್ಟು ಅಗಲ ಉಂಟು ಅಂತ ನನಗೆ ಗೊತ್ತೇ ಇರಲಿಲ್ಲ ಮಾರಾಯ್ತಿ" ಅಂದರು ಅಪ್ಪ. ಸ್ವಲ್ಪ ಮುಂದೆ ಹೋದಮೇಲೆ ಅವರ ಓಟಕ್ಕೆ ವೇಗ ಬಂತು. "ಆ ಗಲ್ಲಿ ನೋಡು. ಒಳಗಿಂದ ನುಗ್ಗಿದರೆ ಸೀದಾ ಹಿಂದಿನ ಬೀದಿ. ಚಹಾ ಆರುವುದರೊಳಗೆ ತಲುಪಬಹುದು."

"ಯಾವ ಚಹಾ?"

ಅಪ್ಪ ಕೂಡಲೇ ಉತ್ತರ ಕೊಡಲಿಲ್ಲ.

ಕುಂದಾಪುರದ ಹತ್ತಿರದ ಊರಿಂದ ಏಳನೇ ಕ್ಲಾಸ್ ಮುಗಿಸಿ ಬಂದದ್ದು, ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮಾಡಿದ್ದು ಅವಳಿಗೆ ಗೊತ್ತು. ಆ ಸರ್ಟಿಫಿಕೇಟ್ ಮನೆಯ ಗೋಡೆಯಲ್ಲಿ ಫ್ರೇಮಿನೊಳಗಿದೆ. ಹಗಲಿನ ಕೆಲಸದ ಬಗ್ಗೆ ಮಾತ್ರ ಅವರು "ಹೋಟೆಲ್" ಅನ್ನುವುದಕ್ಕಿಂತ ಜಾಸ್ತಿ ಹೇಳಿದವರಲ್ಲ.

"ನಾನು ಬಾಹರ್‌ವಾಲಾ ಆಗಿದ್ದೆ" ಅಂದರು ಅಪ್ಪ. "ಆಫೀಸುಗಳಿಗೆ ಚಹಾ ಒಯ್ಯುವ ಹುಡುಗ. ತಂತಿಯ ಸ್ಟ್ಯಾಂಡಿನಲ್ಲಿ ಆರು ಗ್ಲಾಸು. ತಣ್ಣಗಾದರೆ ಆಫೀಸಿನವರು ಬಯ್ಯುತ್ತಾರೆ, ಚೆಲ್ಲಿದರೆ ಧಣಿ ಸಂಬಳದಲ್ಲಿ ಹಿಡಿಯುತ್ತಾರೆ. ಹಾಗಾಗಿ ಓಡಲೂ ಬೇಕು, ಚೆಲ್ಲಲೂ ಬಾರದು."

ಶ್ರಾವ್ಯ ಆ ಕೈಯನ್ನು ನೋಡಿದಳು. ಬೆರಳುಗಳು ಅರ್ಧ ಮಡಚಿವೆ, ಹೆಬ್ಬೆರಳು ಅವುಗಳ ಮೇಲೆ ಒತ್ತಿ ಕೂತಿದೆ. ರಸ್ತೆಯ ಉಬ್ಬು ಬಂತು. ಅಪ್ಪನ ಹೆಗಲು ಎದ್ದಿತು, ತಲೆ ಎದ್ದಿತು. ಮುಷ್ಟಿ ಮಾತ್ರ ಇದ್ದ ಎತ್ತರದಲ್ಲೇ ಇತ್ತು. ಏರಿಳಿತವನ್ನೆಲ್ಲ ಮಣಿಕಟ್ಟೇ ನುಂಗಿಕೊಂಡಿತ್ತು.

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಹೇಳುವಂಥದ್ದು ಎಂತ ಉಂಟು ಅದರಲ್ಲಿ?"

ಫ್ಲೋರಾ ಫೌಂಟನ್ ದಾಟಿ, ಚರ್ಚ್‌ಗೇಟ್ ದಾಟಿ ಮರೀನ್ ಡ್ರೈವ್‌ಗೆ ಬಂದಾಗ ಸಮುದ್ರದ ಗಾಳಿ ಮುಖಕ್ಕೆ ಹೊಡೆಯಿತು. ಅಷ್ಟು ಹೊತ್ತಿಗೆ ಶ್ರಾವ್ಯಳ ಪಕ್ಕೆಯಲ್ಲಿ ಚುಚ್ಚು ನೋವು. ಬಗ್ಗಿ ಹಿಡಿದುಕೊಂಡಳು.

"ನಿಲ್ಲಬೇಡ, ನಿಧಾನ ಮಾಡು" ಅಂದರು ಅಪ್ಪ. "ಬಾಯಿ ಮುಚ್ಚಿ ಮೂಗಲ್ಲಿ ಉಸಿರು ತಗೊ. ನಮ್ಮಂಥ ಹುಡುಗರನ್ನು ಲಿಫ್ಟಿಗೆ ಸೇರಿಸುತ್ತಿರಲಿಲ್ಲ. ಮೂರನೇ ಮಾಳಿಗೆಗೆ ಹತ್ತಿಯೇ ಹೋಗಬೇಕು. ಬಾಯಿ ಬಿಟ್ಟರೆ ಅರ್ಧಕ್ಕೇ ಕೂರಬೇಕಾಗ್ತದೆ."

ಅವಳು ಹಾಗೇ ಮಾಡಿದಳು. ಅಪ್ಪ ಅವಳ ಹೆಜ್ಜೆಗೆ ಹೆಜ್ಜೆ ಹಾಕಿದರು. ನೋವು ನಿಧಾನವಾಗಿ ಇಳಿಯಿತು.

ನೀರಿನ ಟೇಬಲ್ ಹತ್ತಿರ ನೂಕುನುಗ್ಗಲು. ಕಪ್ ಹಿಡಿದು ಓಡಿದವರ ಅಂಗಿಯೆಲ್ಲ ಒದ್ದೆ. ಅಪ್ಪ ನಿಲ್ಲದೆ ಬಲಗೈ ಚಾಚಿ ಒಂದೇ ಹಿಡಿತದಲ್ಲಿ ಎರಡು ಕಪ್ ಎತ್ತಿಕೊಂಡರು. ಜನರ ನಡುವೆ ಓರೆಯಾಗಿ ನುಸುಳಿ ಅವಳ ಪಕ್ಕಕ್ಕೆ ಬಂದರು. ಎರಡೂ ಕಪ್ಪಿನಲ್ಲಿ ನೀರು ಅಂಚಿನವರೆಗೆ ಹಾಗೇ ಇತ್ತು.

ಶ್ರಾವ್ಯ ಓಡುತ್ತಲೇ ಕುಡಿಯಲು ಹೋಗಿ ಅರ್ಧ ಕೊರಳಿಗೆ ಸುರಿದುಕೊಂಡಳು. ಅಪ್ಪ ಜೋರಾಗಿ ನಕ್ಕರು.

"ಸಂಬಳ ಕಟ್!"

ಅವಳಿಗೂ ನಗು ತಡೆಯಲಾಗಲಿಲ್ಲ. ಕೆಮ್ಮು ಬಂತು, ಆದರೂ ಓಡಿದಳು. ಆಜಾದ್ ಮೈದಾನದ ಕಡೆಗೆ ತಿರುಗುವಾಗ ಕೇಳಿದಳು:

"ಆ ಮೂರನೇ ಮಾಳಿಗೆಯ ಕಟ್ಟಡ ಈಗಲೂ ಇದೆಯಾ?"

"ಉಂಟು. ಎಲ್ಲಿಗೆ ಹೋಗ್ತದೆ?"

"ಓಟ ಮುಗಿದಮೇಲೆ ಹೋಗೋಣ. ನಾನೂ ಆ ಮೆಟ್ಟಿಲು ಹತ್ತಬೇಕು."

"ಇವತ್ತು ಭಾನುವಾರ. ಬಾಗಿಲು ಹಾಕಿರ್ತಾರೆ."

"ಹಾಗಾದ್ರೆ ನಾಳೆ."

"ನಾಳೆ ಕಾಲೇಜು ಇಲ್ವಾ ನಿಂಗೆ?"

"ಹನ್ನೊಂದಕ್ಕೆ. ನೀವು ಗಲ್ಲಾಕ್ಕೆ ಭಾವನನ್ನು ಕೂರಿಸಿ ಬನ್ನಿ."

ಅಪ್ಪ ನಾಲ್ಕು ಹೆಜ್ಜೆ ಸುಮ್ನೆ ಓಡಿದರು. "ಬೆಳಿಗ್ಗೆ ಒಂಬತ್ತಕ್ಕೆ ತೆರೀತದೆ" ಅಂದರು. "ಏಳೂಮುಕ್ಕಾಲರ ಲೋಕಲ್ ಹಿಡಿಯುವ. ಆಮೇಲಾದರೆ ನಿಲ್ಲಲೂ ಜಾಗ ಸಿಕ್ಕುವುದಿಲ್ಲ."