ವಿಷಯ: 2026ರ ನವೆಂಬರ್ 19, 20ಕ್ಕೆ 64 ಜನರ ಆಫ್‌ಸೈಟ್ – ಹಾಲ್, ರೂಮು, ಊಟದ ಬುಕಿಂಗ್

ಬುಕಿಂಗ್ ಮ್ಯಾನೇಜರ್ ಅವರಿಗೆ,

ನಮಸ್ಕಾರ.

ನಿನ್ನೆ ಫೋನಿನಲ್ಲಿ ಮಾತಾಡಿದಂತೆ ನಮ್ಮ ಕಂಪನಿಯ ಎರಡು ದಿನದ ಆಫ್‌ಸೈಟನ್ನು ನಿಮ್ಮಲ್ಲೇ ಮಾಡಬೇಕೆಂದಿದ್ದೇವೆ. ನವೆಂಬರ್ 19 ಗುರುವಾರ ಬೆಳಗ್ಗೆ 9ರಿಂದ 20ರ ಶುಕ್ರವಾರ ಸಂಜೆ 5ರವರೆಗೆ ದೊಡ್ಡ ಹಾಲ್ ಬೇಕು. ಆ ದಿನ ಸಿಗದಿದ್ದರೆ 26, 27 ಆದರೂ ನಡೆಯುತ್ತದೆ. ಹಿಂದಿನ ದಿನ ಸಂಜೆ ಒಂದು ಗಂಟೆ ಹಾಲ್ ತೆರೆದುಕೊಟ್ಟರೆ ಪ್ರೊಜೆಕ್ಟರ್, ಮೈಕ್ ಎಲ್ಲ ಪರೀಕ್ಷೆ ಮಾಡಿಕೊಳ್ಳುತ್ತೇವೆ.

ಒಟ್ಟು 64 ಜನ. 52 ಜನ ರಾತ್ರಿ ಉಳಿಯುತ್ತಾರೆ. ಅವರಿಗೆ ಇಬ್ಬರಿಬ್ಬರ 24 ರೂಮು, ಒಬ್ಬೊಬ್ಬರ 4 ರೂಮು ಬೇಕು. ಉಳಿದ 12 ಜನ ಗುರುವಾರ ರಾತ್ರಿ ಊಟ ಮುಗಿಸಿ ಹೊರಟು, ಮರುದಿನ ಬೆಳಗ್ಗೆ ವಾಪಸ್ ಬರುತ್ತಾರೆ. ಎರಡು ಬಸ್ಸು, ಹತ್ತು ಕಾರುಗಳಿಗೆ ಪಾರ್ಕಿಂಗ್ ಬೇಕಾಗುತ್ತದೆ.

ಕೂರುವ ವ್ಯವಸ್ಥೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮದು ಮೂರು ಶಾಖೆ. ಇವರಲ್ಲಿ ಎಷ್ಟೋ ಜನ ಒಬ್ಬರಿಗೊಬ್ಬರು ದನಿಯಲ್ಲಷ್ಟೇ ಪರಿಚಯ, ಮುಖ ನೋಡಿಲ್ಲ. ಹಾಗಾಗಿ ಸಿನಿಮಾ ಹಾಲಿನಂತೆ ಸಾಲು ಕುರ್ಚಿ ಬೇಡ. ಎಂಟು ಜನ ಕೂರುವ ಗುಂಡು ಮೇಜುಗಳನ್ನು ಹಾಕಿ, ಒಂದೊಂದಕ್ಕೆ ಆರೇ ಕುರ್ಚಿ ಇಡಿ. ವೇದಿಕೆಗೆ ಬೆನ್ನು ಬರುವ ಕಡೆ ಖಾಲಿ ಬಿಡಿ. ಹೀಗೆ ಮಾಡಿದರೆ 11 ಮೇಜು ಬೇಕಾಗುತ್ತದೆ. ನೀವು ಕಳಿಸಿದ ಫೋಟೋದಲ್ಲಿ ಎಡಗಡೆ ಎರಡು ಕಂಬ ಕಾಣುತ್ತಿವೆ, ಅವುಗಳ ಹಿಂದೆ ಯಾವ ಮೇಜೂ ಬರಬಾರದು. 11 ಮೇಜು ಹಾಕಿದ ಮೇಲೂ ಓಡಾಡಲು ಜಾಗ ಉಳಿಯುತ್ತದೆಯೇ ಎಂದು ಒಮ್ಮೆ ಅಳೆದು ನೋಡಿ, ನಕ್ಷೆ ಕಳಿಸಿಕೊಡಿ.

ನಮ್ಮ ಸಹೋದ್ಯೋಗಿಯೊಬ್ಬರು ವೀಲ್‌ಚೇರ್‌ನಲ್ಲಿ ಬರುತ್ತಾರೆ. ಶುಕ್ರವಾರ ಬೆಳಗಿನ ಮೊದಲ ಮಾತು ಅವರದೇ. ಆದ್ದರಿಂದ ಹಾಲಿಗೆ ಬರಲು ಮಾತ್ರವಲ್ಲ, ವೇದಿಕೆ ಹತ್ತಲೂ ರ‍್ಯಾಂಪ್ ಇರಬೇಕು. ಕುರ್ಚಿ ಸಮೇತ ಎತ್ತಿಕೊಂಡು ಹೋಗುತ್ತೇವೆ ಅನ್ನುವುದು ಬೇಡ. ರ‍್ಯಾಂಪ್ ಇಲ್ಲವಾದರೆ ವೇದಿಕೆಯನ್ನೇ ತೆಗೆದುಬಿಡಿ, ಎಲ್ಲರೂ ನೆಲದ ಮೇಲಿಂದಲೇ ಮಾತಾಡುತ್ತೇವೆ. ಅವರಿಗೆ ನೆಲಮಹಡಿಯಲ್ಲಿ ರೂಮು ಕೊಡಿ. ಬಚ್ಚಲುಮನೆ ಬಾಗಿಲು ಎಷ್ಟು ಅಗಲವಿದೆ ಎಂದು ಟೇಪ್ ಹಿಡಿದು ಅಳೆದು ತಿಳಿಸಿ, ಹೊಸ್ತಿಲು ಇದ್ದರೆ ಅದನ್ನೂ ಹೇಳಿ.

ಶುಕ್ರವಾರ 11ರಿಂದ 1ರವರೆಗೆ 16 ಜನರ ನಾಲ್ಕು ಗುಂಪು ಮಾಡುತ್ತೇವೆ. ಒಂದು ಗುಂಪು ಹಾಲಿನಲ್ಲೇ ಇರುತ್ತದೆ, ಇನ್ನುಳಿದ ಮೂರಕ್ಕೆ ಬೇರೆ ಕೋಣೆ ಬೇಕು. ಅಲ್ಲಿ ಯು ಆಕಾರದಲ್ಲಿ ಮೇಜು, ಒಂದು ವೈಟ್‌ಬೋರ್ಡ್ ಇದ್ದರೆ ಸಾಕು. ದೊಡ್ಡ ಹಾಲಿಗೆ ಒಂದು ಕಾಲರ್ ಮೈಕ್, ಎರಡು ಕೈ ಮೈಕ್, ಮೇಜುಗಳ ಹತ್ತಿರ ಪ್ಲಗ್ ಪಾಯಿಂಟ್ ಬೇಕು. ಪ್ರತಿಯೊಬ್ಬರ ಬಳಿ ಫೋನ್, ಲ್ಯಾಪ್‌ಟಾಪ್ ಎರಡೂ ಇರುತ್ತವೆ, ವೈಫೈ ಅಷ್ಟು ತಡೆಯಬೇಕು. ಕರೆಂಟ್ ಹೋದರೆ ಜನರೇಟರ್‌ನಲ್ಲಿ ಪ್ರೊಜೆಕ್ಟರೂ ನಡೆಯುತ್ತದೆಯೇ?

ಇನ್ನು ಊಟ. ಗುರುವಾರ ಬಂದ ಕೂಡಲೇ ಕಾಫಿ, ಟೀ. ಮಧ್ಯಾಹ್ನ ಮತ್ತು ರಾತ್ರಿ ಊಟ 64 ಜನರಿಗೆ. ಶುಕ್ರವಾರ ಬೆಳಗಿನ ತಿಂಡಿ 52 ಜನರಿಗೆ, ಮಧ್ಯಾಹ್ನದ ಊಟ ಮತ್ತೆ 64. ಎರಡೂ ದಿನ 11 ಮತ್ತು 4 ಗಂಟೆಗೆ ಟೀ ಬ್ರೇಕ್. ಶುಕ್ರವಾರ 11ರದ್ದನ್ನು ಆಯಾ ಕೋಣೆಗೇ ಕಳಿಸಿ. 38 ಜನ ಸಸ್ಯಾಹಾರಿಗಳು, 24 ಜನ ಮಾಂಸಾಹಾರಿಗಳು, ಇಬ್ಬರು ಹಾಲು, ಮೊಸರು, ತುಪ್ಪ ಯಾವುದನ್ನೂ ಮುಟ್ಟುವುದಿಲ್ಲ. ಬಫೆ ಇರಲಿ, ಆದರೆ ಎರಡು ಕಡೆ ಇಡಿ. ಒಂದೇ ಸಾಲಾದರೆ ಊಟದ ಒಂದು ಗಂಟೆಯೂ ನಿಂತೇ ಕಳೆದುಹೋಗುತ್ತದೆ, ಅಲ್ವಾ?

ದಯವಿಟ್ಟು ಇದೊಂದನ್ನು ಅಡುಗೆಮನೆಯ ಮುಖ್ಯಸ್ಥರಿಗೆ ನೀವೇ ಓದಿ ಹೇಳಿ: ನಮ್ಮಲ್ಲೊಬ್ಬರಿಗೆ ಕಡಲೆಕಾಯಿಯ ತೀವ್ರ ಅಲರ್ಜಿ ಇದೆ. ಸ್ವಲ್ಪ ತಗುಲಿದರೂ ಉಸಿರು ಕಟ್ಟುತ್ತದೆ. ಮೇಲಿನಿಂದ ಕಾಳು ಆರಿಸಿ ತೆಗೆದರೆ ಸಾಲದು. ಎಣ್ಣೆ, ಚಟ್ನಿ, ಪುಡಿ, ಸಿಹಿ ಎಲ್ಲದರಲ್ಲೂ ನೋಡಬೇಕು. ಒಂದು ಪಾತ್ರೆಯ ಸೌಟು ಇನ್ನೊಂದಕ್ಕೆ ಹೋದರೂ ಅಪಾಯವೇ. ಈ ಎರಡು ದಿನ ನಮ್ಮ ಅಡುಗೆಯಲ್ಲಿ ಕಡಲೆಕಾಯಿಯನ್ನು ಪೂರ್ತಿ ಬಿಟ್ಟುಬಿಡಲು ಆಗುತ್ತದೆಯೇ? ಆಗುವುದಿಲ್ಲ ಎಂದಾದರೆ ಈಗಲೇ ಹೇಳಿ, ಅವರ ಊಟಕ್ಕೆ ನಾವು ಬೇರೆ ಏರ್ಪಾಡು ಮಾಡಿಕೊಳ್ಳುತ್ತೇವೆ. ಸುಮ್ನೆ ನೋಡಿಕೊಳ್ಳುತ್ತೇವೆ ಅನ್ನುವುದಕ್ಕಿಂತ ಅದೇ ವಾಸಿ.

ಹಾಲ್, ರೂಮು, ಊಟ, ತೆರಿಗೆ ಬೇರೆ ಬೇರೆಯಾಗಿ ನಮೂದಿಸಿದ ಕೊಟೇಶನ್ ಕಳಿಸಿ. ಮುಂಗಡ ಎಷ್ಟು, ದಿನ ಬದಲಾದರೆ ಅಥವಾ ರದ್ದಾದರೆ ಎಷ್ಟು ಹಿಂತಿರುಗಿಸುತ್ತೀರಿ ಎಂಬುದೂ ಅದರಲ್ಲಿರಲಿ. ಊಟದ ಅಂತಿಮ ಸಂಖ್ಯೆಯನ್ನು ನವೆಂಬರ್ 12ರಂದು ಕೊಡುತ್ತೇವೆ. ನಾಲ್ಕೈದು ಜನ ಹೆಚ್ಚು ಕಡಿಮೆಯಾದರೆ ನಡೆಯುತ್ತದೆಯೇ, ತಿಳಿಸಿ.

ಅಕ್ಟೋಬರ್ 5ರ ಸೋಮವಾರದೊಳಗೆ ಈ ಮೇಲ್‌ಗೇ ಉತ್ತರಿಸಿದರೆ ಅದೇ ವಾರ ಮುಂಗಡ ಕಳಿಸುತ್ತೇವೆ. ಅಲ್ಲಿಯವರೆಗೆ 19, 20ನ್ನು ನಮ್ಮ ಹೆಸರಿಗೆ ಹಿಡಿದಿಡಿ. ಅದಕ್ಕೂ ಮೊದಲು ಒಂದು ದಿನ ನಾನೇ ಬಂದು ಹಾಲ್, ರ‍್ಯಾಂಪ್, ಅಡುಗೆಮನೆ ನೋಡಿಕೊಂಡು ಹೋಗುತ್ತೇನೆ. ನಿಮಗೆ ಯಾವ ದಿನ ಬಿಡುವಿದೆ ಹೇಳಿ.

ವಂದನೆಗಳೊಂದಿಗೆ,
ಮ್ಯಾನೇಜರ್, ಆಡಳಿತ ವಿಭಾಗ